ಮೊದಲ ವಾಂತಿ ಎಷ್ಟು ಹೊತ್ತಿಗೆ ಆಯಿತು?

ಕೇಳುಗರಿಗೆ ನಮಸ್ಕಾರ.

1999ರ ಸೆಪ್ಟೆಂಬರ್ 30. ಜಪಾನಿನ ತೊಕೈಮುರಾದಲ್ಲಿ ಅಣು ಇಂಧನ ತಯಾರಿಸುವ ಒಂದು ಘಟಕ. ಇಬ್ಬರು ಕೆಲಸಗಾರರು ಯುರೇನಿಯಂ ದ್ರಾವಣವನ್ನು ತೊಟ್ಟಿಗೆ ಸುರಿಯುತ್ತಿದ್ದರು, ಮೂರನೆಯವರು ಕೆಲವು ಮೀಟರ್ ದೂರದಲ್ಲಿದ್ದರು. ಸುರಿದದ್ದು ಮಿತಿಗಿಂತ ತುಂಬಾ ಜಾಸ್ತಿ ಆಗಿತ್ತು. ಒಮ್ಮೆಲೇ ನೀಲಿ ಬೆಳಕು ಮಿನುಗಿತು, ತೊಟ್ಟಿಯೊಳಗೆ ಅಣು ಸರಪಳಿ ಕ್ರಿಯೆ ಶುರುವಾಗಿ ವಿಕಿರಣ ಹೊರಚಿಮ್ಮಿತ್ತು. ಆ ಇಬ್ಬರಲ್ಲಿ ತೊಟ್ಟಿಗೆ ಅಂಟಿಕೊಂಡಂತೆ ನಿಂತಿದ್ದ ಒಬ್ಬರಿಗೆ ಕೆಲವೇ ನಿಮಿಷಗಳಲ್ಲಿ ವಾಂತಿಯಾಯಿತು. ಇನ್ನೊಬ್ಬರಿಗೆ ಸುಮಾರು ಒಂದು ಗಂಟೆಯೊಳಗೆ ಆಯಿತು. ದೂರದಲ್ಲಿದ್ದವರಿಗೆ ಮೊದಲ ಕೆಲವು ಗಂಟೆ ಹಾಗೇನೂ ಆಗಲಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ವಿಕಿರಣ ಕಾಯಿಲೆಯ ಈ ಗಡಿಯಾರದ ಬಗ್ಗೆಯೇ.

ದೇಹ ಹೀರಿಕೊಂಡ ವಿಕಿರಣವನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಸಿಟಿ ಸ್ಕ್ಯಾನ್‌ನಲ್ಲಿ ನಮಗೆ ತಗಲುವುದು ಹೆಚ್ಚುಕಡಿಮೆ ಒಂದು ಗ್ರೇಯ ನೂರನೇ ಒಂದು ಪಾಲು. ಇಡೀ ದೇಹಕ್ಕೆ ಒಂದೇ ಸಲ, ಕಡಿಮೆ ಹೊತ್ತಿನಲ್ಲಿ, ಸುಮಾರು 1 ಗ್ರೇ ತಗಲಿದರೆ ಈ ಕಾಯಿಲೆ ಶುರುವಾಗಬಹುದು. ಅಷ್ಟೇ ವಿಕಿರಣ ವರ್ಷಗಟ್ಟಲೆ ಚೂರುಚೂರಾಗಿ ತಗಲಿದರೆ ಈ ರೀತಿ ಆಗುವುದಿಲ್ಲ, ಜೀವಕೋಶಗಳಿಗೆ ನಡುವೆ ರಿಪೇರಿ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಮೊದಲು ಓಕರಿಕೆ, ವಾಂತಿ, ಸುಸ್ತು. 2 ಗ್ರೇ ಒಳಗಿದ್ದರೆ ವಾಂತಿ ಎರಡು ಗಂಟೆಯ ನಂತರ ಆಗಬಹುದು, ಆಗದೆಯೂ ಇರಬಹುದು. 4 ಗ್ರೇ ದಾಟಿದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ. 8 ದಾಟಿದರೆ ಹತ್ತು ನಿಮಿಷವೇ ಸಾಕು. ಆದರೆ ಹೆದರಿಕೆಗೂ ವಾಂತಿಯಾಗುತ್ತದೆ, ಅಲ್ವಾ? ಹಾಗಾಗಿ ಇದೊಂದನ್ನೇ ನಂಬಿ ಯಾರ ಹಣೆಬರಹವನ್ನೂ ಬರೆಯಬಾರದು.

ಆಮೇಲೆ ಬರುವ ಹಂತವೇ ನನಗೆ ತುಂಬಾ ಸಂಕಟ ಕೊಡುವಂಥದ್ದು. ವಾಂತಿ ನಿಲ್ಲುತ್ತದೆ. ಮನುಷ್ಯ ಎದ್ದು ಕೂರುತ್ತಾನೆ, ಮಾತಾಡುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಮಾತ್ರ ಏನೂ ಸರಿಹೋಗಿಲ್ಲ. ವಿಕಿರಣ ಹೆಚ್ಚಾಗಿ ಹೊಡೆಯುವುದು ಒಡೆದು ಎರಡಾಗುತ್ತಾ ಹೊಸ ಕೋಶಗಳನ್ನು ಹುಟ್ಟಿಸುವ ತಾಯಿ ಕೋಶಗಳನ್ನು. ಆಗಲೇ ಬೆಳೆದು ರಕ್ತದಲ್ಲಿ ಓಡಾಡುತ್ತಿರುವ ಕಣಗಳಲ್ಲಿ ಬಹುಪಾಲು ತಮ್ಮ ಆಯಸ್ಸು ಮುಗಿಯುವ ತನಕ ಕೆಲಸ ಮಾಡುತ್ತಲೇ ಇರುತ್ತವೆ. ಕಾರ್ಖಾನೆ ಮುಚ್ಚಿದೆ, ಗೋದಾಮಿನಲ್ಲಿ ಇನ್ನೂ ಸರಕಿದೆ. ಸರಕು ಖಾಲಿಯಾದ ದಿನ ಕಾಯಿಲೆ ಮತ್ತೆ ಕಾಣಿಸಿಕೊಳ್ಳುತ್ತದೆ.

2ರಿಂದ 6 ಗ್ರೇವರೆಗೆ ಮುಖ್ಯವಾಗಿ ಪೆಟ್ಟು ಬೀಳುವುದು ಮೂಳೆ ಮಜ್ಜೆಗೆ. ಎರಡು ಮೂರು ವಾರದ ಹೊತ್ತಿಗೆ ಕೂದಲು ಉದುರಬಹುದು. ಬಿಳಿ ರಕ್ತಕಣ ಕುಸಿದು ಜ್ವರ, ಸೋಂಕು ಬರುತ್ತದೆ, ಪ್ಲೇಟ್‌ಲೆಟ್ ಕುಸಿದು ಒಸಡಿನಲ್ಲಿ, ಚರ್ಮದಡಿಯಲ್ಲಿ ರಕ್ತ ಒಸರುತ್ತದೆ. ಚಿಕಿತ್ಸೆಯೇ ಇಲ್ಲದಿದ್ದರೆ, 4 ಗ್ರೇ ಆಸುಪಾಸಿನಲ್ಲಿ ಎರಡು ತಿಂಗಳೊಳಗೆ ಅರ್ಧದಷ್ಟು ಜನ ಸಾಯುತ್ತಾರೆ. ಆ್ಯಂಟಿಬಯೋಟಿಕ್, ರಕ್ತ, ಮಜ್ಜೆಯನ್ನು ಎಬ್ಬಿಸುವ ಇಂಜೆಕ್ಷನ್ ಸಿಕ್ಕರೆ, ಅರ್ಧದಷ್ಟು ಜನರನ್ನು ಕೊಲ್ಲಲು ಬೇಕಾಗುವ ಈ ಗ್ರೇ ಅಂಕಿ ಮೇಲಕ್ಕೆ ಹೋಗುತ್ತದೆ.

ಕರುಳಿನ ಒಳಪದರ ಮಜ್ಜೆಗಿಂತ ಗಟ್ಟಿ, ಅದು ಸೋಲಲು 6ಕ್ಕಿಂತ ಜಾಸ್ತಿ, ಪೂರ್ತಿಯಾಗಿ ಸೋಲಲು 10 ಗ್ರೇ ಹತ್ತಿರ ಬೇಕು. ಆದರೆ ಆ ಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥದ್ದು. ಹಾಗಾಗಿ ಸೋತರೆ ಬೇಗ ಗೊತ್ತಾಗುತ್ತದೆ, ಒಂದು ವಾರದೊಳಗೇ ವಿಪರೀತ ಭೇದಿ ಶುರುವಾಗಬಹುದು. ಯಾವ ಅಂಗ ಎಷ್ಟಕ್ಕೆ ಸೋಲುತ್ತದೆ ಎನ್ನುವುದು ಬೇರೆ, ಸೋತದ್ದು ಯಾವಾಗ ಕಾಣುತ್ತದೆ ಎನ್ನುವುದು ಬೇರೆ. ಇನ್ನು ಹತ್ತಾರು ಗ್ರೇ ತಗಲಿದರೆ ಮಿದುಳು, ರಕ್ತನಾಳಗಳೇ ಕೈಕೊಡುತ್ತವೆ, ನಡುವಿನ ಸಮಾಧಾನದ ಹಂತ ಕೆಲವು ಗಂಟೆಯಷ್ಟೇ ಇರುತ್ತದೆ ಅಥವಾ ಇರುವುದೇ ಇಲ್ಲ.

ತೊಕೈಮುರಾಕ್ಕೆ ಮರಳಿ ಬರೋಣ. ತಗಲಿದ ಬೇರೆ ಬೇರೆ ಬಗೆಯ ವಿಕಿರಣವನ್ನೆಲ್ಲ ಗಾಮಾ ಕಿರಣದ ಲೆಕ್ಕಕ್ಕೆ ಇಳಿಸಿ ನೋಡಿದಾಗ ಮೊದಲನೆಯವರಿಗೆ ಅಂದಾಜು 16ರಿಂದ 20 ಗ್ರೇ, ಎರಡನೆಯವರಿಗೆ 6ರಿಂದ 10, ಮೂರನೆಯವರಿಗೆ 1ರಿಂದ 4.5. ಎಂಥಾ ಅಗಲದ ಅಂದಾಜು ನೋಡಿ! ಹತ್ತಿರ ನಿಂತವರ ಮೈಯ ಒಂದು ಭಾಗಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬಿದ್ದಿರುತ್ತದೆ. ಸ್ವಲ್ಪ ಮಜ್ಜೆ ಉಳಿದುಕೊಂಡರೂ ಲೆಕ್ಕ ಬದಲಾಗುತ್ತದೆ. ಮೊದಲನೆಯವರು 83ನೇ ದಿನ ತೀರಿಕೊಂಡರು, ಎರಡನೆಯವರು 211ನೇ ದಿನ. ಇಬ್ಬರಿಗೂ ಬೇರೆಯವರ ರಕ್ತದ ಕಾಂಡಕೋಶಗಳನ್ನು, ಅಂದರೆ ರಕ್ತಕಣ ಹುಟ್ಟಿಸುವ ತಾಯಿ ಕೋಶಗಳನ್ನು, ಹಾಕಿದ್ದರು. ಆದರೆ ಹೊಸ ಮಜ್ಜೆ ಚರ್ಮವನ್ನೂ ಕರುಳನ್ನೂ ಕಟ್ಟಿಕೊಡಲಾರದು. ಮೂರನೆಯವರು ಬದುಕಿ ಮನೆಗೆ ಹೋದರು.

ಅದಕ್ಕೇ ವೈದ್ಯರು ವಾಂತಿಯ ಜೊತೆ ರಕ್ತವನ್ನೂ ನೋಡುತ್ತಾರೆ. ಲಿಂಫೋಸೈಟ್ ಎಂಬ ಬಿಳಿ ಕಣ ಮಾತ್ರ ಗೋದಾಮಿನ ನಿಯಮ ಪಾಲಿಸುವುದಿಲ್ಲ, ಅದು ವಿಕಿರಣ ತಗಲಿದ ಕೂಡಲೇ ಸಾಯತೊಡಗುತ್ತದೆ. ಮೊದಲ ಎರಡು ದಿನ ಕೆಲವು ಗಂಟೆಗೊಮ್ಮೆ ಎಣಿಸಿದರೆ ಅದು ಇಳಿಯುವ ವೇಗವೇ ಡೋಸ್ ಎಷ್ಟೆಂದು ತೋರಿಸುತ್ತದೆ. ರೋಗಿ ಎದ್ದು ಕೂತು ಚೆನ್ನಾಗಿದ್ದೇನೆ ಅನ್ನುವ ಹೊತ್ತಿನಲ್ಲೂ ಆ ಎಣಿಕೆ ಇಳಿಯುತ್ತಲೇ ಇದ್ದರೆ, ಸೋಂಕು ತಾಗದ ಕೋಣೆಯನ್ನು ಅವತ್ತೇ ಸಿದ್ಧ ಮಾಡಬೇಕು.