ಎಳ್ಳು ಬೆಲ್ಲ ಮೊದಲು ನೀವು ತಿನ್ನಿ

ನಮಸ್ಕಾರ. ದೂರು ಕೊಟ್ಟ ಗಿರಾಕಿಗೆ ಹಬ್ಬದ ಮಾತು ಹೇಗೆ ಬರೆಯಬೇಕು ಅನ್ನೋದನ್ನು ಇವತ್ತು ನನ್ನ ಮರ್ಯಾದೆ ಹೋದ ಒಂದು ಕಥೆಯಿಂದ ಶುರು ಮಾಡುತ್ತೇನೆ.

ದಾವಣಗೆರೆಯಲ್ಲಿ ನಮ್ಮದು ಇನ್ವರ್ಟರ್, ಬ್ಯಾಟರಿ ಅಂಗಡಿ. ಜನವರಿ 15, ಸಂಕ್ರಾಂತಿ. ಬೆಳಿಗ್ಗೆ ಆರು ಗಂಟೆಗೇ ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆಲ್ಲ ಒಂದು ಚಿತ್ರ ಕಳಿಸಿದೆ. ಎರಡು ಕಬ್ಬಿನ ಜಲ್ಲೆ, ನಡುವೆ ಅಂಗಡಿ ಹೆಸರು, ಕೆಳಗೆ ದೊಡ್ಡದಾಗಿ ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ’. ಅದರ ಕೆಳಗೆ ಸಣ್ಣದಾಗಿ ‘ಹಳೆ ಬ್ಯಾಟರಿ ತನ್ನಿ, ಹೊಸದು ಒಯ್ಯಿರಿ’.

ಹತ್ತು ನಿಮಿಷಕ್ಕೆ ಒಂದು ಉತ್ತರ ಬಂತು. ನಿವೃತ್ತ ಮೇಷ್ಟ್ರೊಬ್ಬರದು. ‘ಎಳ್ಳು ಬೆಲ್ಲ ಮೊದಲು ನೀವು ತಿನ್ನಿ.’

ಅಷ್ಟೇ. ನಾನು ಫೋನ್ ಕೆಳಗಿಟ್ಟೆ. ಕಾಫಿ ಆರಿಹೋಯಿತು.

ಮೇಷ್ಟ್ರ ಕಥೆ ಹೇಳುತ್ತೇನೆ, ಆಗ ಆ ಮಾತು ಎಲ್ಲಿ ತಾಗಿತು ಅಂತ ಗೊತ್ತಾಗುತ್ತದೆ. ಅವರು ಆರು ತಿಂಗಳ ಹಿಂದೆ ನಮ್ಮಲ್ಲಿ 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ ತಗೊಂಡಿದ್ದರು. ಡಿಸೆಂಬರ್ ಕೊನೆಯಲ್ಲಿ ಫೋನ್ ಮಾಡಿ, ‘ಕರೆಂಟ್ ಹೋದರೆ ಮುಕ್ಕಾಲು ಗಂಟೆನೂ ಬರ್ತಾ ಇಲ್ಲಪ್ಪ’ ಅಂದರು. ಅವರ ಮನೆಯಲ್ಲಿ ಓಡೋದು ಎರಡು ಫ್ಯಾನ್, ಮೂರು ಎಲ್‌ಇಡಿ ಟ್ಯೂಬ್. ಎಲ್ಲ ಸೇರಿ ಇನ್ನೂರು ಚಿಲ್ಲರೆ ವ್ಯಾಟ್. ಆ ಲೋಡಿಗೆ ಹೊಸ ಬ್ಯಾಟರಿ ಐದು ಗಂಟೆ ಆರಾಮಾಗಿ ಎಳೆಯಬೇಕು. ಮುಕ್ಕಾಲು ಗಂಟೆ ಅಂದಾಗಲೇ ನನಗೆ ತಲೆಗೆ ಹೊಳೆಯಬೇಕಿತ್ತು. ನಾನು ಏನು ಹೇಳಿದೆ ಗೊತ್ತಾ? ‘ನೀರು ಹಾಕಿರಲ್ಲ ಬಿಡಿ ಮೇಷ್ಟ್ರೇ. ಇಲ್ಲಾಂದ್ರೆ ಮಿಕ್ಸಿ ಏನಾದ್ರೂ ಓಡಿಸಿರ್ತೀರಿ.’

ಅವರು ನೀರು ಹಾಕಿದ್ದರು. ತಾರೀಖು ಸಮೇತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದರು. ಮೇಷ್ಟ್ರು ಅಲ್ವಾ.

ನಾಲ್ಕು ಸಲ ಫೋನ್ ಮಾಡಿದ ಮೇಲೆ ನಮ್ಮ ಹುಡುಗ ಹೋದ. ಪೂರ್ತಿ ಚಾರ್ಜ್ ಮಾಡಿಸಿ, ಹೈಡ್ರೋಮೀಟರ್ ಹಾಕಿ ಒಂದೊಂದೇ ಸೆಲ್ಲಿನ ಗ್ರ್ಯಾವಿಟಿ, ಅಂದರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ನೋಡಿದ. ಐದು ಸೆಲ್ 1240ರ ಆಸುಪಾಸು, ಆರನೆಯದು 1130. ಒಂದು ಸೆಲ್ ಸತ್ತಿದೆ. ತಯಾರಿಕೆಯ ದೋಷ, ಇವರ ತಪ್ಪು ಏನೂ ಇಲ್ಲ. ಕಂಪನಿಗೆ ಕ್ಲೇಮ್ ಹೋಯಿತು, ಹೊಸ ಬ್ಯಾಟರಿ ಬಂತು, ಜನವರಿ 10ಕ್ಕೆ ಕೂರಿಸಿ ಬಂದೆವು. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಐದು ದಿನ ಬಿಟ್ಟು ಅವರಿಗೆ ‘ಒಳ್ಳೆಯ ಮಾತಾಡಿ’ ಅಂತ ಕಳಿಸಿದೆ.

ಈಗ ಅವರ ಕಣ್ಣಲ್ಲಿ ಅದನ್ನು ಓದಿ ನೋಡಿ. ಆ ಚಿತ್ರ ಕಳಿಸಿದ್ದು ಬ್ರಾಡ್‌ಕಾಸ್ಟ್‌ನಲ್ಲಿ. ನಮಗೆ ಅದು ಒಂದೇ ಸಲ ಎಲ್ಲರಿಗೂ ಕಳಿಸುವ ಒಂದು ಪಟ್ಟಿ. ಅವರಿಗೆ ಅದು ಗುಂಪಲ್ಲಿ ಬರೋದಿಲ್ಲ, ನಮ್ಮಿಬ್ಬರ ಮಾತುಕತೆಯೊಳಗೇ ಬಂದು ಕೂರುತ್ತದೆ. ಮೇಲೆ ‘ನಿನ್ನೆ ಬರ್ತೀನಿ ಅಂದ್ರಿ, ಬರಲಿಲ್ಲ’. ಅದರ ಮೇಲೆ ‘ಫೋನ್ ಎತ್ತಿ’. ಅದರ ಮೇಲೆ ಸತ್ತ ಬ್ಯಾಟರಿಯ ಫೋಟೋ. ಇಷ್ಟರ ಕೆಳಗೆ ಕಬ್ಬು, ಎಳ್ಳು, ಒಳ್ಳೆಯ ಮಾತಾಡಿ. ಹಬ್ಬದ ಹಾರೈಕೆ ಹೋಗಿ ಬಾಯಿ ಮುಚ್ಚಿಕೊಳ್ಳಿ ಅಂದಂಗಾಯಿತು. ಅದರ ಕೆಳಗೆ ಹಳೆ ಬ್ಯಾಟರಿ ತನ್ನಿ ಬೇರೆ!

ಇದರಲ್ಲಿ ಇನ್ನೊಂದು ತಮಾಷೆ ಇದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಬ್ಯಾಟರಿ ತಗೊಂಡು ಹೋಗಿ ಸುಮ್ನೆ ಇರುವವರು ಯಾಕೆ ಸೇವ್ ಮಾಡುತ್ತಾರೆ? ಸೇವ್ ಮಾಡೋದು ನಾಲ್ಕು ಸಲ ಫೋನ್ ಮಾಡಬೇಕಾದವರು. ಅಂದರೆ ಹಬ್ಬದ ಚಿತ್ರ ಖುಷಿಯಾಗಿರುವ ಎಷ್ಟೋ ಜನಕ್ಕೆ ಹೋಗುವುದೇ ಇಲ್ಲ. ಸಿಟ್ಟಾದವರಿಗೆ ಮಾತ್ರ ತಪ್ಪದೆ ಹೋಗುತ್ತದೆ.

ಎಳ್ಳು ಬೆಲ್ಲದ್ದು ಮಾತ್ರ ಅಲ್ಲ. ನಮ್ಮ ಹಬ್ಬದ ಮಾತುಗಳನ್ನು ದೂರು ಕೊಟ್ಟ ಗಿರಾಕಿಯ ಕಿವಿಯಲ್ಲಿ ಕೇಳಿ ನೋಡಿ. ಯುಗಾದಿಗೆ ‘ಬೇವು ಬೆಲ್ಲ ಎರಡನ್ನೂ ಸಮನಾಗಿ ಸ್ವೀಕರಿಸೋಣ’. ಬೇವು ತಿನ್ನಿಸಿದವನೇ ಹೇಳುತ್ತಿದ್ದಾನೆ, ಸ್ವೀಕರಿಸಿ ಅಂತ. ದೀಪಾವಳಿಗೆ ‘ಕತ್ತಲಿನಿಂದ ಬೆಳಕಿನೆಡೆಗೆ’. ನಾನು ಇನ್ವರ್ಟರ್ ಮಾರುವವನು. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಕೂತಿದ್ದವರಿಗೆ ನಾನು ಈ ಮಾತು ಹೇಳಬಹುದಾ? ಈ ಮಾತುಗಳು ಕೆಟ್ಟವಲ್ಲ. ಇಬ್ಬರ ನಡುವೆ ಎಲ್ಲ ಸರಿ ಇದ್ದಾಗ ಹೇಳುವ ಮಾತುಗಳು ಅಷ್ಟೇ.

ಹಾಗಾದರೆ ಮುನಿಸು ಇದ್ದಾಗ ಹೇಳುವ ಮಾತು ನಮ್ಮಲ್ಲಿ ಇಲ್ವಾ? ಇದೆ. ನಮ್ಮ ತಾಯಿಯ ಊರು ಹಾವೇರಿ ಕಡೆ. ಅಲ್ಲಿ ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತಾರೆ. ವರ್ಷವಿಡೀ ಮಾತು ಬಿಟ್ಟಿದ್ದ ದಾಯಾದಿಗಳೂ ಅವತ್ತು ಒಬ್ಬರ ಕೈಗೆ ಒಬ್ಬರು ಎಲೆ ಕೊಟ್ಟಿದ್ದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ.

ಎರಡೂ ಮಾತನ್ನು ಪಕ್ಕಪಕ್ಕ ಇಡಿ. ಒಂದು ‘ಮಾತಾಡಿ’, ಇನ್ನೊಂದು ‘ಇರೋಣ’. ಮಾತಾಡಿ ಅಂದರೆ ಕೆಲಸ ನಿಮ್ಮದು. ಇರೋಣ ಅಂದರೆ ನಾನೂ ಬಂದೆ ಅಂತ. ಇನ್ನೊಂದು ವಿಷಯ, ಬನ್ನಿ ಕೊಡಲು ಎದ್ದು ಹೋಗಬೇಕು. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ಕೂತಲ್ಲಿಂದ ಇನ್ನೂರು ಜನಕ್ಕೆ ಒಟ್ಟಿಗೆ ಬನ್ನಿ ಕೊಡೋಕೆ ಆಗಲ್ಲ. ದೂರು ಕೊಟ್ಟ ಗಿರಾಕಿಗೆ ಹಬ್ಬದ ಮಾತು ಬರೆಯುವಾಗ ನನಗೆ ಬೇಕಿದ್ದ ಅಳತೆ ಇದೇ ಅಂತ ಆಮೇಲೆ ಹೊಳೆಯಿತು. ಆವತ್ತು ಬೆಳಿಗ್ಗೆ ಹೊಳೆಯಲಿಲ್ಲ.

ಆವತ್ತು ನಾನು ಮೊದಲು ಬರೆದದ್ದು ಇದು: ‘ಸರ್, ಯಾವುದೇ ಅನಾನುಕೂಲ ಆಗಿದ್ದಲ್ಲಿ ವಿಷಾದಿಸುತ್ತೇವೆ. ಹಬ್ಬದ ಕೊಡುಗೆಯಾಗಿ ಮುಂದಿನ ಖರೀದಿಗೆ 500 ರೂಪಾಯಿ ರಿಯಾಯಿತಿ.’ ಬರೆದು ನಾನೇ ಓದಿದೆ. ನನಗೇ ನಗು ಬಂತು. ‘ಆಗಿದ್ದಲ್ಲಿ’ ಅಂತೆ. ಆಗಿದೆಯೋ ಇಲ್ಲವೋ ನನಗೆ ಗೊತ್ತಿಲ್ವಾ? ಆ 500 ರೂಪಾಯಿ ಅವರಿಗೆ ಸಿಗಬೇಕಾದರೆ ನನ್ನ ಹತ್ತಿರ ಇನ್ನೊಂದು ಬ್ಯಾಟರಿ ಕೊಳ್ಳಬೇಕು. ಬ್ಯಾಟರಿಯನ್ನು ಜನ ನಾಲ್ಕೈದು ವರ್ಷಕ್ಕೆ ಒಮ್ಮೆ ಕೊಳ್ಳುತ್ತಾರೆ. ಅಲ್ಲಿಯವರೆಗೆ ಅವರು ಆ ಕೂಪನ್ ಜೋಪಾನ ಮಾಡಬೇಕಾ? ಅಳಿಸಿದೆ.

ಎರಡನೆಯದು ತುಂಬ ಉದ್ದ ಆಯಿತು. ಕಂಪನಿಯವರು ಲೇಟ್ ಮಾಡಿದ್ದು, ನಮ್ಮ ಹುಡುಗ ಊರಿಗೆ ಹೋಗಿದ್ದು, ವರ್ಷದ ಕೊನೆಯ ಸ್ಟಾಕ್ ಲೆಕ್ಕ. ಎಲ್ಲ ನಿಜವೇ. ಆದರೆ ಹಬ್ಬದ ದಿನ ಮೇಷ್ಟ್ರು ನನ್ನ ಕಷ್ಟ ಯಾಕೆ ಓದಬೇಕು? ಅದನ್ನೂ ಅಳಿಸಿದೆ.

ಆಮೇಲೆ ಸುಮ್ನೆ ಕೂತು ಯೋಚಿಸಿದೆ. ಅವರಿಗೆ ನೋವಾಗಿದ್ದು ಎಲ್ಲಿ? ಬ್ಯಾಟರಿ ಕೆಟ್ಟಿದ್ದಕ್ಕಾ? ಅಲ್ಲ. ಯಂತ್ರ ಕೆಡುತ್ತದೆ ಅಂತ ಅವರಿಗೆ ಗೊತ್ತು. ತಡ ಆಗಿದ್ದಕ್ಕಾ? ಸ್ವಲ್ಪ. ನಿಜವಾಗಿ ಚುಚ್ಚಿದ್ದು ಮೊದಲ ಫೋನಿನಲ್ಲಿ ನಾನು ಹೇಳಿದ ಮಾತು. ನೋಡದೆಯೇ ತಪ್ಪು ಅವರದು ಅಂದಿದ್ದೆ. ಮೂವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದ ಮನುಷ್ಯನಿಗೆ ನೀವು ನೀರು ಹಾಕಿಲ್ಲ ಅಂದಿದ್ದೆ. ಬ್ಯಾಟರಿ ಬದಲಾಯಿಸಿದೆವು. ಆ ಮಾತನ್ನು ವಾಪಸ್ ತಗೊಂಡಿರಲಿಲ್ಲ.

ಕೊನೆಗೆ ಕಳಿಸಿದ್ದು ಇದು:

‘ಮೇಷ್ಟ್ರೇ, ಬೆಳಿಗ್ಗೆ ಬಂದ ಚಿತ್ರ ಎಲ್ಲರಿಗೂ ಹೋಗಿದ್ದು, ನಿಮಗೆ ಹೋಗಬಾರದಿತ್ತು. ಮೊದಲ ದಿನ ನೀವು ಹೇಳಿದ್ದೇ ಸರಿ ಇತ್ತು. ನೋಡದೆ ನೀರು ಹಾಕಿಲ್ಲ ಅಂದಿದ್ದು ನನ್ನ ತಪ್ಪು. ನಿಮಗೂ ಮನೆಯವರಿಗೂ ಸಂಕ್ರಾಂತಿಯ ಶುಭಾಶಯ. ಬೇಸಿಗೆಗೆ ಮೊದಲು ನಾನೇ ಬಂದು ಗ್ರ್ಯಾವಿಟಿ ನೋಡಿ ಹೋಗುತ್ತೇನೆ.’

ಕೆಳಗೆ ಅಂಗಡಿ ಹೆಸರು ಹಾಕಲಿಲ್ಲ, ನನ್ನ ಹೆಸರು ಹಾಕಿದೆ. ಫೋನಿನಲ್ಲಿ ಆ ಮಾತು ಆಡಿದ್ದು ನಾನೇ ತಾನೇ. ‘ದಯವಿಟ್ಟು ನಮಗೆ ಐದು ಸ್ಟಾರ್ ಕೊಡಿ’ ಅಂತ ಕೇಳಲಿಲ್ಲ. ಹೀಗೆ ಕೇಳುವವರಿದ್ದಾರೆ, ನಿಜವಾಗಿ. ಹಬ್ಬದ ದಿನ ಕ್ಷಮೆ ಕೇಳಿ, ಅದೇ ಮೆಸೇಜಿನಲ್ಲಿ ರೇಟಿಂಗ್ ಲಿಂಕ್ ಹಾಕುತ್ತಾರೆ. ಆಗ ಮೇಲೆ ಬರೆದದ್ದೆಲ್ಲ ಆ ಲಿಂಕಿಗೋಸ್ಕರ ಅಂತ ಓದುವವರಿಗೆ ಅನಿಸದೇ ಇರುತ್ತಾ?

ಕೊನೆಯ ಸಾಲಿನ ಬಗ್ಗೆ ನನಗೇ ಸ್ವಲ್ಪ ಅನುಮಾನ ಇತ್ತು. ಮಾತು ಕೊಟ್ಟರೆ ಹೋಗಲೇಬೇಕು. ಹೋಗದಿದ್ದರೆ ಅದು ಎರಡನೆಯ ದೂರು, ಮೊದಲನೆಯದಕ್ಕಿಂತ ಕೆಟ್ಟದ್ದು. ಹಾಗಾಗಿ ಕಳಿಸುವ ಮೊದಲೇ ಫೆಬ್ರವರಿ 20ಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿದೆ, ಆಮೇಲೆ ಕಳಿಸಿದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇಷ್ಟೆಲ್ಲ ಬರೆಯಲು ಆಗಿದ್ದು ಜನವರಿ 10ಕ್ಕೆ ಬ್ಯಾಟರಿ ಬದಲಾಗಿದ್ದಕ್ಕೆ. ದೂರು ಇನ್ನೂ ಬಾಕಿ ಇದ್ದರೆ ಎಂಥ ಒಳ್ಳೆಯ ಹಬ್ಬದ ಮೆಸೇಜೂ ಉರಿಯುವ ಒಲೆಗೆ ತುಪ್ಪ. ಆಗ ಕಳಿಸಬೇಕಾದ್ದು ಶುಭಾಶಯ ಅಲ್ಲ, ಹುಡುಗ ಯಾವತ್ತು ಎಷ್ಟು ಗಂಟೆಗೆ ಬರುತ್ತಾನೆ ಅನ್ನೋ ಒಂದು ಸಾಲು. ಹಬ್ಬದ ಹೆಸರೂ ಎತ್ತಬೇಡಿ.

ವಿಷಯ ಗ್ರಾಹಕರ ಆಯೋಗದವರೆಗೆ ಹೋಗಿದ್ದರೆ ಏನೂ ಕಳಿಸದೆ ಮೊದಲು ವಕೀಲರ ಹತ್ತಿರ ಮಾತಾಡಿ. ಮನೆಯಲ್ಲಿ ಸಾವಾಗಿದ್ದರೆ ಆ ವರ್ಷ ಹಬ್ಬವೇ ಮಾಡದವರು ಎಷ್ಟೋ ಜನ. ಅವರಿಗೆ ಕಬ್ಬು, ತೋರಣ ಕಳಿಸುವುದು ದೊಡ್ಡ ಅವಿವೇಕ. ನಮ್ಮ ಹುಡುಗರು ರಿಪೇರಿಗೆ ಮನೆಯೊಳಗೆ ಹೋಗುತ್ತಾರಲ್ಲ, ಹೊಸದಾಗಿ ಹಾರ ಹಾಕಿದ ಫೋಟೋ ಕಂಡರೆ ಬಂದು ಹೇಳಿ ಅಂತ ಅವರಿಗೆ ಹೇಳಿಟ್ಟಿದ್ದೇನೆ. ಗಿರಾಕಿ ಆ ಹಬ್ಬ ಮಾಡುವವರೇ ಅಂತಲೂ ನೋಡಿಕೊಳ್ಳಿ. ಮಾಡದವರಿಗೆ ಹಬ್ಬದ ನೆಪವೇ ಬೇಡ, ಕ್ಷಮೆಯ ಎರಡು ಸಾಲು ಯಾವ ದಿನವಾದರೂ ಹೋಗಬಹುದು.

ಇದನ್ನು ತಲೆಯಲ್ಲಿ ನೆನಪಿಡಲು ನನ್ನಿಂದ ಆಗಲ್ಲ. ವಾಟ್ಸಾಪ್ ಬಿಸಿನೆಸ್ ಆಪ್‌ನಲ್ಲಿ ಲೇಬಲ್ ಅಂತ ಇದೆ, ಒಂದೊಂದು ಮಾತುಕತೆಗೂ ಬಣ್ಣದ ಚೀಟಿ ಅಂಟಿಸಿದ ಹಾಗೆ. ನಾನು ‘ಈಗ ಬೇಡ’ ಅಂತ ಒಂದು ಮಾಡಿಕೊಂಡಿದ್ದೇನೆ. ದೂರಿನ ಫೋನ್ ಬಂದ ತಕ್ಷಣ ಅದನ್ನು ಅಂಟಿಸುತ್ತೇನೆ. ಹಬ್ಬದ ಹಿಂದಿನ ರಾತ್ರಿ ಆ ಲೇಬಲ್ ತೆರೆದು, ಆ ಹೆಸರುಗಳನ್ನೆಲ್ಲ ಬ್ರಾಡ್‌ಕಾಸ್ಟ್‌ನಿಂದ ತೆಗೆಯುತ್ತೇನೆ. ಆಮೇಲೆ ಒಬ್ಬೊಬ್ಬರ ಮಾತುಕತೆಯನ್ನೂ ಮೇಲಿನಿಂದ ಓದುತ್ತೇನೆ. ಬರೆಯುವುದಕ್ಕಿಂತ ಈ ಓದುವುದಕ್ಕೇ ಜಾಸ್ತಿ ಹೊತ್ತು ಬೇಕು.

ಮೇಷ್ಟ್ರು ಏನಂದರು ಅಂತ ಕೇಳುತ್ತೀರಿ. ಮಧ್ಯಾಹ್ನದವರೆಗೆ ಏನೂ ಇಲ್ಲ. ಎರಡು ನೀಲಿ ಗೆರೆ ಮಾತ್ರ. ಸಂಜೆ ‘ನಿಮಗೂ’ ಅಂತ ಒಂದೇ ಪದ ಬಂತು. ನಾನು ಅದಕ್ಕೆ ಕೈ ಮುಗಿಯುವ ಚಿತ್ರ ಹಾಕಲು ಹೋದವನು ಬೇಡ ಅಂತ ಬಿಟ್ಟೆ.

ಫೆಬ್ರವರಿ 20ಕ್ಕೆ ಹೋದೆ. ಆರೂ ಸೆಲ್ ಸರಿ ಇದ್ದವು. ಮೇಷ್ಟ್ರು ಪಕ್ಕದಲ್ಲೇ ನಿಂತು ಒಂದೊಂದು ಅಂಕಿಯನ್ನೂ ಕ್ಯಾಲೆಂಡರ್ ಮೇಲೆ ಬರೆದುಕೊಂಡರು. ಹೊರಡುವಾಗ, ‘ಪಕ್ಕದ ಮನೆಯವರಿಗೆ ಇನ್ವರ್ಟರ್ ಬೇಕಂತೆ’ ಅಂದರು. ಸ್ವಲ್ಪ ತಡೆದು, ‘ಅವರು ಫೋನ್ ಮಾಡಿದ್ರೆ ಎತ್ತಿ’ ಅಂತ ಸೇರಿಸಿದರು.

ಈ ಯುಗಾದಿಗೆ ‘ಈಗ ಬೇಡ’ ಲೇಬಲ್‌ನಲ್ಲಿ ಆರು ಹೆಸರುಗಳಿವೆ. ಮೇಷ್ಟ್ರದು ಇನ್ನೂ ಅಲ್ಲೇ ಇದೆ. ತೆಗೆಯಲು ನನಗೆ ಧೈರ್ಯ ಬಂದಿಲ್ಲ.