ಸಾರಿನ ಪುಡಿ ಮಾಡುವ ಕೈಗಳು

ಕೇಳುಗರಿಗೆಲ್ಲ ನಮಸ್ಕಾರ. ಮಂಡ್ಯದಲ್ಲಿ ನಮ್ಮದೊಂದು ಚಿಕ್ಕ ಸಾರಿನ ಪುಡಿ ಘಟಕ ಇದೆ. ಕೆಲಸ ಮಾಡುವವರೆಲ್ಲ ಹೆಂಗಸರೇ. ಮಾರ್ಚ್ 8ಕ್ಕೆ ಅವರ ಬಗ್ಗೆ ಮಾತಾಡುತ್ತೇನೆ ಎಂದಾಗ, ರೇಡಿಯೋದಲ್ಲಿ ಹೆಸರು ಮಾತ್ರ ಹೇಳಬೇಡಿ ಅಕ್ಕಾ ಅಂದರು. ಹಾಗಾಗಿ ಹೆಸರು ಬಿಟ್ಟು, ಅವರು ಮಾಡಿದ ಕೆಲಸ ಹೇಳುತ್ತೇನೆ.

ಮೊದಲು ತೊಟ್ಟು ಬಿಡಿಸುವ ದೊಡ್ಡಮ್ಮ. ಮೈಸೂರಿನ ಸಂತೆಪೇಟೆಯಿಂದ ಬ್ಯಾಡಗಿ ಮೆಣಸಿನಕಾಯಿ ಮೂಟೆ ಬಂದ ಕೂಡಲೇ ಅದು ಅವರ ಮುಂದೆ ಹೋಗಬೇಕು. ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ, ಬೀಜ ಗಲಗಲ ಅಂದರೆ ಒಣಗಿದೆ. ಸದ್ದಿಲ್ಲದಿದ್ದರೆ ಮುರಿದು ಒಳಗೆ ನೋಡುತ್ತಾರೆ. ಬ್ಯಾಡಗಿ ಹೊರಗೆ ಸುಕ್ಕುಸುಕ್ಕಾಗಿ ಕೆಂಪಗೆ ಚೆನ್ನಾಗೇ ಕಾಣುತ್ತದೆ, ಒಳಗೆ ಮಾತ್ರ ಬೀಜ ಕಪ್ಪಾಗಿ ಬೂದು ಬಣ್ಣದ ಬೂಷ್ಟು ಹಿಡಿದಿರಬಹುದು. ಹುರಿದರೆ ಹೋಗುತ್ತೆ ಬಿಡಿ ಅನ್ನುವವರು ಇದ್ದಾರೆ. ಹೋಗುವುದಿಲ್ಲ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ದೊಡ್ಡಮ್ಮ ಬೇಡ ಎಂದ ಮೂಟೆ ನಮ್ಮಲ್ಲಿ ಒಲೆ ಹತ್ತಿರ ಹೋಗದೆ ಹಾಗೇ ವಾಪಸ್ ಹೋಗುತ್ತದೆ.

ಒಲೆ ಮುಂದೆ ನಿಲ್ಲುವ ಅಕ್ಕನದು ಬೇರೆಯೇ ವಿದ್ಯೆ. ಧನಿಯ, ಜೀರಿಗೆ, ಮೆಂತ್ಯ, ಮೆಣಸು ಎಲ್ಲವನ್ನೂ ಬೇರೆ ಬೇರೆ ಹುರಿಯುತ್ತಾರೆ, ಒಟ್ಟಿಗೆ ಹಾಕಿದರೆ ಧನಿಯ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದು ಹೋಗುತ್ತದೆ. ಒಂದು ಕೆಜಿ ಧನಿಯಕ್ಕೆ ನಾವು ಹಾಕುವ ಮೆಂತ್ಯ 75 ಗ್ರಾಂ ಅಷ್ಟೇ. ಆದರೆ ಆ 75 ಗ್ರಾಂ ಕೆಂಪು ದಾಟಿ ಕಪ್ಪಾಯಿತೋ, ಇಡೀ ಪುಡಿ ಕಹಿ. ಆಮೇಲೆ ಬೆಲ್ಲ ಹಾಕಿ, ಹುಣಿಸೆ ಹಾಕಿ, ಸಾರು ಸರಿಹೋಗುವುದಿಲ್ಲ. ಅಕ್ಕ ಗಡಿಯಾರ ನೋಡುವುದಿಲ್ಲ, ವಾಸನೆ ಹಿಡಿಯುತ್ತಾರೆ. ಘಮ ಬಂದ ತಕ್ಷಣ ಬಾಣಲೆಯಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯುತ್ತಾರೆ, ಯಾಕೆಂದರೆ ಒಲೆ ಆರಿಸಿದ ಮೇಲೂ ದಪ್ಪ ಬಾಣಲೆಯ ಕಾವಿಗೆ ಮೆಂತ್ಯ ಹುರಿಯುತ್ತಲೇ ಇರುತ್ತದೆ.

ಈಗ ಕಳೆದ ಮಳೆಗಾಲದ ವಿಷಯಕ್ಕೆ ಬರುತ್ತೇನೆ. ಒಂದು ಅಂಗಡಿಯಿಂದ ಪೊಟ್ಟಣಗಳು ವಾಪಸ್ ಬಂದವು. ಪುಡಿ ಗಂಟು ಗಂಟಾಗಿತ್ತು, ಕೆಲವದರಲ್ಲಿ ಮುಗ್ಗಲು ವಾಸನೆ. ಮಳೆಯ ಥಂಡಿಗೆ ಹೀಗಾಗಿದೆ ಎಂದು ಎಲ್ಲರೂ ಅಂದರು, ಒಬ್ಬಳು ಮಾತ್ರ ಒಪ್ಪಲಿಲ್ಲ. ಪ್ಯಾಕಿಂಗ್ ಮಾಡುವ ಹುಡುಗಿ, ಪಿಯುಸಿ ಮುಗಿಸಿ ನಮ್ಮಲ್ಲಿ ಸೇರಿದವಳು. ಯಾವ ದಿನ ಮಿಲ್ಲಿನಿಂದ ಪುಡಿ ಬಂತು, ಎಷ್ಟು ಹೊತ್ತಿಗೆ ಪ್ಯಾಕ್ ಆಯಿತು, ಬ್ಯಾಚ್ ನಂಬರ್ ಏನು ಎಂದು ಯಾರೂ ಹೇಳದಿದ್ದರೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅದನ್ನು ತೆಗೆದು ತೋರಿಸಿದಳು. ವಾಪಸ್ ಬಂದದ್ದೆಲ್ಲ ಬೀಸಿದ ಸಂಜೆಯೇ ಪ್ಯಾಕ್ ಆದದ್ದು. ಮಾರನೇ ಬೆಳಿಗ್ಗೆ ಪ್ಯಾಕ್ ಮಾಡಿದ್ದು, ಅದೇ ಮಳೆಯಲ್ಲಿ, ಅದೇ ಅಂಗಡಿಯಲ್ಲಿ, ಚೆನ್ನಾಗೇ ಇತ್ತು.

ಒಲೆ ಅಕ್ಕ ಮಿಲ್ಲಿನಿಂದ ಆಗ ತಾನೇ ಬಂದ ರಾಶಿಯೊಳಗೆ ಕೈ ಹಾಕಿ, "ಮೇಲ್ಗಡೆ ತಣ್ಣಗದೆ, ಒಳ್ಗೆ ಇನ್ನೂ ಬಿಸಿ ಅದೆ ಕಣಕ್ಕಾ" ಅಂದರು. ಕಾರಣ ಅದೇ. ಮಿಲ್ಲಿನ ತಿಕ್ಕಾಟಕ್ಕೆ ಪುಡಿ ಕಾಯುತ್ತದೆ. ಆ ಬಿಸಿಯಲ್ಲೇ ಕವರಿಗೆ ತುಂಬಿ ಸೀಲ್ ಮಾಡಿದರೆ ಒಳಗಿನ ಹಬೆ ತಣ್ಣಗಾಗಿ ಕವರಿಗೆ ಬೆವರು ಹತ್ತುತ್ತದೆ, ಆ ನೀರನ್ನು ಪುಡಿ ಕುಡಿಯುತ್ತದೆ. ಹುಡುಗಿ ಒಂದು ಪೊಟ್ಟಣ ಬಿಸಿಯಲ್ಲೇ ಸೀಲ್ ಮಾಡಿಟ್ಟಳು, ಸ್ವಲ್ಪ ಹೊತ್ತಿಗೆ ಒಳಗೆ ಮಂಜು ಕಟ್ಟಿದ್ದು ನಮ್ಮೆಲ್ಲರ ಕಣ್ಣಿಗೇ ಕಾಣಿಸಿತು.

ಆಮೇಲಿನ ಕ್ರಮ ಅವರಿಬ್ಬರೇ ಮಾಡಿದ್ದು. ಬೀಸಿದ ಪುಡಿಯನ್ನು ಬಿಳಿ ಪಂಚೆ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ, ನಡುನಡುವೆ ಕೈಯಾಡಿಸಿ, ಜರಡಿ ಹಿಡಿಯುವುದು. ಮಳೆಗಾಲದಲ್ಲಿ ರಾತ್ರಿಯಿಡೀ ಹಾಗೇ ಬಿಟ್ಟರೂ ಕಷ್ಟ, ಪುಡಿ ಗಾಳಿಯ ಥಂಡಿ ಎಳೆದುಕೊಳ್ಳುತ್ತದೆ. ಅದಕ್ಕೇ ಪೂರ್ತಿ ಆರಿದ ಕೂಡಲೇ ಸ್ಟೀಲ್ ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿಯುತ್ತಾರೆ, ಬೆಳಿಗ್ಗೆ ಪ್ಯಾಕಿಂಗ್. ಮನೆಯಲ್ಲಿ ಮಾಡಿಸುವವರೂ ಇದನ್ನೇ ಮಾಡಿ, ಮಿಲ್ಲಿನಿಂದ ತಂದ ಡಬ್ಬದ ಮುಚ್ಚಳ ಮೊದಲು ತೆಗೆಯಿರಿ. ಆಮೇಲೆ ಗಂಟು ಕಟ್ಟಿದ ಪುಡಿ ನಮಗೆ ವಾಪಸ್ ಬಂದಿಲ್ಲ. ಎಷ್ಟೇ ಅರ್ಜೆಂಟ್ ಆರ್ಡರ್ ಇರಲಿ, ಅಕ್ಕ ಕೈ ಇಟ್ಟು "ಆಯ್ತು" ಅನ್ನದೆ ಸೀಲಿಂಗ್ ಮೆಷಿನ್ ಹಾಕುವಂತಿಲ್ಲ, ನಾನು ಹೇಳಿದರೂ ಇಲ್ಲ. ಬ್ಯಾಚ್ ಲೆಕ್ಕದ ಪೂರ್ತಿ ಉಸ್ತುವಾರಿ ಈಗ ಆ ಹುಡುಗಿಯದು, ಅದಕ್ಕೆ ಸಂಬಳವೂ ಸೇರಿದೆ. ಸಂಬಳ ಸೇರಿಸದೆ ಬರೀ ಜವಾಬ್ದಾರಿ ಕೊಡುವುದು ನ್ಯಾಯ ಅಲ್ಲ, ಅಲ್ವಾ?

ಈ ಸಲ ಮಹಿಳಾ ದಿನಕ್ಕೆ ಸೀರೆ ಕೊಡೋಣ ಎಂದಿದ್ದೆ. ದೊಡ್ಡಮ್ಮನೇ ಎಲ್ಲರ ಪರವಾಗಿ ಬಂದು, ಸೀರೆ ಬೇಡ, ಒಲೆ ಮೇಲೆ ಹೊಗೆ ಎಳೆಯೋ ಫ್ಯಾನ್ ಹಾಕಿಸಿ ಅಂದರು. ಮೆಣಸಿನಕಾಯಿ ಹುರಿಯುವಾಗಿನ ಘಾಟು ಮೂಗಿಗೆ ಬಟ್ಟೆ ಕಟ್ಟಿದರೆ ನಿಲ್ಲುವುದಿಲ್ಲ, ಒಲೆ ಅಕ್ಕನಿಗೆ ರಾತ್ರಿಯೆಲ್ಲ ಕೆಮ್ಮು. ಫ್ಯಾನ್ ಬಂದಿದೆ, ಗೋಡೆ ಒಡೆಯುವ ಕೆಲಸ ನಡೆಯುತ್ತಿದೆ. ಅದು ಮುಗಿಯುವ ತನಕ ಮೆಣಸಿನಕಾಯಿಯನ್ನು ಹಿತ್ತಲಲ್ಲಿ, ಬಯಲಲ್ಲೇ ಹುರಿಯುತ್ತಿದ್ದೇವೆ.