ಫ್ಯೂಚರ್ಸ್ ಮಾರ್ಜಿನ್ ಮತ್ತು ಪ್ರತಿ ಸಂಜೆಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಹಿಂದೊಮ್ಮೆ ಇಂಥದೇ ಉಪನ್ಯಾಸ ಮುಗಿದ ಮೇಲೆ ಯುವಕರೊಬ್ಬರು ತಮ್ಮ ಲೆಡ್ಜರ್ ಹಾಳೆಯನ್ನು ತಂದು ನನ್ನ ಮುಂದೆ ಹರಡಿದರು. ಒಂದು ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದರು. "ಸರ್, ನಾನು ಇನ್ನೂ ಮಾರಿಯೇ ಇಲ್ಲ. ಮಾರದೆ ಹಣ ಹೇಗೆ ಕಳೆದರು?" ಎಂಬುದು ಅವರ ಪ್ರಶ್ನೆ. ಇವತ್ತಿನ ಮಾತಿಗೆ ಅದೇ ಪ್ರಶ್ನೆಯೇ ಆಧಾರ.

ಷೇರು ಕೊಂಡು ಡಿಮ್ಯಾಟ್‌ನಲ್ಲಿ ಇಟ್ಟವರಿಗೆ ಒಂದು ಅಭ್ಯಾಸ ಬೆಳೆದಿರುತ್ತದೆ. ಬೆಲೆ ಇಳಿದರೆ ಅದು ಕಾಗದದ ಮೇಲಿನ ನಷ್ಟ, ಮಾರಿದಾಗ ಮಾತ್ರ ನಿಜವಾದ ನಷ್ಟ ಎಂದುಕೊಳ್ಳುತ್ತಾರೆ. ಫ್ಯೂಚರ್ಸ್ ಎಂದರೆ ಮುಂದಿನ ಒಂದು ದಿನಕ್ಕೆ ಇಂದೇ ಬೆಲೆ ನಿಗದಿ ಮಾಡಿಕೊಳ್ಳುವ ಕರಾರು, ಅದರಲ್ಲಿ ಹಾಗೆ ನಡೆಯುವುದಿಲ್ಲ. ನೀವು ಮಾರಿರಲಿ, ಬಿಟ್ಟಿರಲಿ, ಆ ದಿನದ ಲಾಭ ನಷ್ಟ ನಗದಾಗಿ ಕೈ ಬದಲಾಗುತ್ತದೆ. ಇದಕ್ಕೆ ಮಾರ್ಕ್ ಟು ಮಾರ್ಕೆಟ್ ಎನ್ನುತ್ತಾರೆ, ಮಾರುಕಟ್ಟೆಯವರ ಬಾಯಲ್ಲಿ ಎಂಟಿಎಂ.

ಮೊದಲು ಮಾರ್ಜಿನ್ ಏನೆಂದು ನೋಡೋಣ. ಸೈಟು ಕೊಳ್ಳುವಾಗ ಕೊಡುವ ಮುಂಗಡದಂತೆ ಇದನ್ನು ಭಾವಿಸುವವರು ಬಹಳ. ಆದರೆ ಮುಂಗಡ ಬೆಲೆಯ ಒಂದು ಭಾಗ. ಮಾರ್ಜಿನ್ ಬೆಲೆಯ ಭಾಗವಲ್ಲ. ಬಾಡಿಗೆ ಮನೆಯ ಠೇವಣಿ ಇದಕ್ಕೆ ಹತ್ತಿರದ ಹೋಲಿಕೆ: ನಾಳೆ ಏನಾದರೂ ಹಾನಿಯಾದರೆ ಇರಲಿ ಎಂದು ಹಿಡಿದಿಟ್ಟುಕೊಂಡ ಹಣ. ಒಂದೇ ವ್ಯತ್ಯಾಸವೆಂದರೆ, ಮನೆಯ ಹಾನಿಯನ್ನು ಖಾಲಿ ಮಾಡುವಾಗ ಲೆಕ್ಕ ಹಾಕುತ್ತಾರೆ, ಇಲ್ಲಿ ದಿನವೂ ಹಾಕುತ್ತಾರೆ. ನಿಫ್ಟಿ ಫ್ಯೂಚರ್ಸ್‌ಗೆ ಈ ಠೇವಣಿ ಎರಡು ಭಾಗಗಳಲ್ಲಿ ಇರುತ್ತದೆ. ಬೆಲೆ ಮತ್ತು ಏರಿಳಿತದ ಹಲವು ಸನ್ನಿವೇಶಗಳನ್ನು ಹಾಕಿ ನೋಡಿ, ಅವುಗಳಲ್ಲಿ ಅತಿ ಕೆಟ್ಟದ್ದರ ನಷ್ಟಕ್ಕೆ ಸಮನಾಗಿ ತೆಗೆದುಕೊಳ್ಳುವುದು ಸ್ಪ್ಯಾನ್. ಅದರ ಮೇಲೆ ಕರಾರಿನ ಮೌಲ್ಯದ ಶೇ 2ರಷ್ಟು ಎಕ್ಸ್‌ಪೋಷರ್ ಮಾರ್ಜಿನ್. ಮಾರುಕಟ್ಟೆ ಹೊಯ್ದಾಡಿದರೆ ಸ್ಪ್ಯಾನ್ ಏರುತ್ತದೆ. ಹಾಗಾಗಿ ನಿನ್ನೆ ಸಾಕಾಗಿದ್ದ ಮಾರ್ಜಿನ್ ಇಂದು ಸಾಲದೆ ಹೋಗಬಹುದು.

ಈಗ ಒಂದು ವಾರದ ಲೆಕ್ಕ ಮಾಡೋಣ. 2024ರ ಜೂನ್ ಮೊದಲ ವಾರ ನಿಮಗೆ ನೆನಪಿರಬಹುದು. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ 3ರ ಸೋಮವಾರ ನಿಫ್ಟಿ 733 ಅಂಶ ಜಿಗಿದು 23,264ರಲ್ಲಿ ನಿಂತಿತು. ಮತ ಎಣಿಕೆಯ ದಿನ, 4ರಂದು, ಶೇ 5.93ರಷ್ಟು ಕುಸಿದು 21,884ಕ್ಕೆ ಬಂತು. 5ರಂದು 22,620, 6ರಂದು 22,821, 7ರಂದು 23,290. ಇವು ಸೂಚ್ಯಂಕದ ಮುಕ್ತಾಯದ ಅಂಕಿಗಳು. ಫ್ಯೂಚರ್ಸ್ ಬೆಲೆ ಕೆಲವು ಅಂಶ ಹೆಚ್ಚುಕಡಿಮೆ ಇರುತ್ತದೆ, ಲೆಕ್ಕ ಸುಲಭವಾಗಲೆಂದು ಇವನ್ನೇ ಇಟ್ಟುಕೊಳ್ಳುತ್ತೇನೆ. ಕೊಳ್ಳಬಹುದಾದ ಕನಿಷ್ಠ ಪ್ರಮಾಣಕ್ಕೆ ಲಾಟ್ ಎನ್ನುತ್ತಾರೆ, ಆಗ ಒಂದು ಲಾಟ್ ಎಂದರೆ 25. ಅಂದರೆ ಒಂದು ಅಂಶದ ಏರಿಳಿತಕ್ಕೆ 25 ರೂಪಾಯಿ.

3ನೇ ತಾರೀಖು ಮಧ್ಯಾಹ್ನ ನೀವು 23,250ಕ್ಕೆ ಒಂದು ಲಾಟ್ ಕೊಂಡಿರಿ ಎಂದಿಟ್ಟುಕೊಳ್ಳಿ. ಕರಾರಿನ ಮೌಲ್ಯ 5,81,250 ರೂಪಾಯಿ. ಮಾರ್ಜಿನ್ ಸುಮಾರು ಶೇ 12 ಎಂದರೆ 70,000. ನಿಮ್ಮ ಖಾತೆಯಲ್ಲಿರುವುದು 80,000. ಹತ್ತು ಸಾವಿರ ಹೆಚ್ಚೇ ಇದೆಯೆಂಬ ಧೈರ್ಯ ನಿಮಗೆ.

ಮೊದಲ ಸಂಜೆ ನೀವು ಕೊಂಡ ಬೆಲೆಯನ್ನು ದಿನದ ಸೆಟ್ಲ್‌ಮೆಂಟ್ ಬೆಲೆಯೊಂದಿಗೆ, ಅಂದರೆ ಆ ದಿನದ ಲೆಕ್ಕಕ್ಕೆ ಗೊತ್ತುಮಾಡಿದ ಮುಕ್ತಾಯದ ಬೆಲೆಯೊಂದಿಗೆ ಹೋಲಿಸುತ್ತಾರೆ. 23,264ರಿಂದ 23,250 ಕಳೆದರೆ 14, ಅದನ್ನು 25ರಿಂದ ಗುಣಿಸಿದರೆ 350 ರೂಪಾಯಿ ಜಮೆ. ನೀವು ಕೊಂಡ ಬೆಲೆಯ ಕೆಲಸ ಅಲ್ಲಿಗೆ ಮುಗಿಯಿತು. ಮರುದಿನದಿಂದ ಹಿಂದಿನ ದಿನದ ಸೆಟ್ಲ್‌ಮೆಂಟ್ ಬೆಲೆಯೇ ನಿಮ್ಮ ಹೊಸ ಖರೀದಿ ಬೆಲೆ. 4ರ ಸಂಜೆ 1,380 ಅಂಶದ ಇಳಿಕೆಗೆ 34,500 ರೂಪಾಯಿ ಖರ್ಚು. ಖಾತೆಯಲ್ಲಿ ಉಳಿದದ್ದು 45,850. ನಿಮ್ಮ ಪೊಸಿಷನ್, ಅಂದರೆ ಕೊಂಡ ಕರಾರು, ಉಳಿಯಬೇಕಾದರೆ 70,000 ಇರಬೇಕು. ಕೊರತೆ 24,150, ಮಾರ್ಜಿನ್ ಏರಿದ್ದರೆ ಇನ್ನೂ ಹೆಚ್ಚು.

ಆ ಕೊರತೆಯನ್ನು ತುಂಬಿದವರ ಕಥೆ ಹೀಗೆ: 5ರಂದು 18,400 ಜಮೆ, 6ರಂದು 5,025, 7ರಂದು 11,725. ಎಲ್ಲ ಕೂಡಿ ಕಳೆದರೆ 1,000 ರೂಪಾಯಿ ಲಾಭ. 23,290ರಲ್ಲಿ 23,250 ಕಳೆದು 25ರಿಂದ ಗುಣಿಸಿದರೂ ಅಷ್ಟೇ ಬರುತ್ತದೆ, ಪರೀಕ್ಷಿಸಿ ನೋಡಿ. ದಿನದಿನದ ಲೆಕ್ಕ ಒಟ್ಟು ಮೊತ್ತವನ್ನು ಬದಲಿಸುವುದಿಲ್ಲ, ಹಣ ಯಾವ ದಿನ ಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತದೆ.

ತುಂಬಲಾಗದವರ ಪೊಸಿಷನ್ ಅನ್ನು ಬ್ರೋಕರ್ 5ರ ಬೆಳಿಗ್ಗೆ 21,900ರಲ್ಲಿ ಮುಗಿಸಿದರು ಎನ್ನೋಣ. ನಷ್ಟ 33,750 ರೂಪಾಯಿ. ಕೊಂಡದ್ದು ಅದೇ ದಿನ, ಅದೇ ಬೆಲೆಗೆ. ಮಾರುಕಟ್ಟೆಯ ಬಗ್ಗೆ ಇಬ್ಬರ ಅಂದಾಜೂ ಒಂದೇ. ನನಗೆ ಈ ಲೆಕ್ಕ ಮಾಡುವಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಇಂಥವರು ನಂತರ "ನನ್ನ ಊಹೆ ತಪ್ಪಾಯಿತು" ಎಂದು ಹೇಳಿಕೊಳ್ಳುತ್ತಾರೆ. ಊಹೆ ತಪ್ಪಿರಲಿಲ್ಲ, ಮೂರು ದಿನದ ನಗದು ಇರಲಿಲ್ಲ. ಎಲ್ಲ ಬ್ರೋಕರುಗಳೂ ಸಂಜೆಯವರೆಗೆ ಕಾಯುವುದೂ ಇಲ್ಲ. 4ರಂದು ವಹಿವಾಟಿನ ನಡುವೆ ನಿಫ್ಟಿ 21,300ಕ್ಕಿಂತ ಕೆಳಗೆ ಹೋಗಿತ್ತು. ಮಾರ್ಜಿನ್ ಕರಗುವುದನ್ನು ಕಂಡು ಆಗಲೇ ಮಾರಿದ್ದರೆ ನಷ್ಟ 48,000 ದಾಟುತ್ತಿತ್ತು. ಬೆಲೆ ಇಳಿಯುತ್ತದೆಂದು ಮೊದಲೇ ಫ್ಯೂಚರ್ಸ್ ಮಾರಿ ಕೂತವರಿಗೂ ಇದೇ ಪಾಡು ಒಂದು ದಿನ ಮೊದಲೇ ಬಂದಿತ್ತು: 3ರ ಜಿಗಿತಕ್ಕೆ ಲಾಟ್‌ಗೆ ಹದಿನೆಂಟು ಸಾವಿರಕ್ಕೂ ಹೆಚ್ಚು ಕಟ್ಟಲಾಗದೆ ಹೊರಬಿದ್ದವರು ಮರುದಿನದ ಕುಸಿತದ ಲಾಭವನ್ನು ದೂರದಿಂದ ನೋಡಬೇಕಾಯಿತು.

ಇನ್ನು ಆ ಯುವಕರ ಲೆಡ್ಜರ್. ಅವರು ತಮ್ಮ ಷೇರುಗಳನ್ನು ಅಡವಿಟ್ಟು ಮಾರ್ಜಿನ್ ಪಡೆದಿದ್ದರು. ಇದಕ್ಕೆ ಅವಕಾಶವಿದೆ. ಷೇರಿನ ಮೌಲ್ಯದಲ್ಲಿ ಒಂದಿಷ್ಟು ಕಡಿತ ಮಾಡಿ ಉಳಿದದ್ದನ್ನು ಮಾರ್ಜಿನ್ ಆಗಿ ಪರಿಗಣಿಸುತ್ತಾರೆ, ಜೊತೆಗೆ ಅರ್ಧದಷ್ಟು ನಗದು ಅಥವಾ ನಗದಿಗೆ ಸಮನಾದದ್ದು ಇರಬೇಕು. ಆದರೆ ಎಂಟಿಎಂ ನಷ್ಟಕ್ಕೆ ಅಡವು ನಡೆಯುವುದಿಲ್ಲ. ಕ್ಲಿಯರಿಂಗ್ ಕಾರ್ಪೊರೇಷನ್ ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಡುವುದು ನಗದನ್ನೇ, ಅದೂ ಮರುದಿನವೇ. ಯುವಕರ ಖಾತೆಯಲ್ಲಿ ಅಡವಿನ ಮೌಲ್ಯ ಸಾಕಷ್ಟಿತ್ತು, ನಗದು ತೀರಿತ್ತು. ಆ ಕೊರತೆಯನ್ನು ಬ್ರೋಕರ್ ತುಂಬಿ ಅದರ ಮೇಲೆ ಬಡ್ಡಿ ಹಾಕಿದ್ದರು. ಪೆನ್ಸಿಲ್ ಗೆರೆಯ ಮೇಲಿನ ಸಾಲು ಆ ಬಡ್ಡಿಯದು.

ಹಾಗಾದರೆ ಎಷ್ಟು ನಗದು ಇರಬೇಕು? ಮಾರ್ಜಿನ್‌ಗೆ ಹೊರತಾಗಿ ಜೂನ್ 4ರಂಥ ಒಂದು ದಿನವನ್ನು ತಡೆದುಕೊಳ್ಳುವಷ್ಟು ಇರಲಿ ಎಂಬುದು ನನ್ನ ಅಭಿಪ್ರಾಯ. 2024ರ ನವೆಂಬರ್‌ನಿಂದ ಸೆಬಿ ಸೂಚ್ಯಂಕ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿದೆ. ಆ ಮೌಲ್ಯಕ್ಕೆ ಶೇ 5.93ರ ಕುಸಿತ ಎಂದರೆ ಒಂದು ಲಾಟ್‌ಗೆ ಸುಮಾರು 89,000 ರೂಪಾಯಿ. ಅಷ್ಟು ಬೇರೆಯಾಗಿ ಇಡಲಾಗದಿದ್ದರೆ, ನನ್ನ ಮಟ್ಟಿಗೆ, ಆ ಲಾಟ್ ನಿಮ್ಮ ಕೈಗೆ ಮೀರಿದ್ದು.

ಕೊನೆಯದಾಗಿ ಒಂದು ಕೆಲಸ. ಮೊಬೈಲ್ ಆ್ಯಪ್ ಸಾಮಾನ್ಯವಾಗಿ ಕೊಂಡ ಬೆಲೆಯಿಂದ ಲಾಭ ನಷ್ಟ ತೋರಿಸುತ್ತದೆ, ಲೆಡ್ಜರ್ ನಿನ್ನೆಯ ಸೆಟ್ಲ್‌ಮೆಂಟ್‌ನಿಂದ ತೋರಿಸುತ್ತದೆ. ಎರಡೂ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಪ್ರತಿ ಸಂಜೆ ಭಾವ್‌ಕಾಪಿ ಎಂಬ ಆ ದಿನದ ಬೆಲೆಪಟ್ಟಿ ಬರುತ್ತದೆ. ಅದರಲ್ಲಿ ಇಂದಿನ ಸೆಟ್ಲ್‌ಮೆಂಟ್ ಬೆಲೆ ನೋಡಿ, ನಿನ್ನೆಯದನ್ನು ಕಳೆದು, ಲಾಟ್‌ನ ಗಾತ್ರದಿಂದಲೂ ನಿಮ್ಮಲ್ಲಿ ಎಷ್ಟು ಲಾಟ್ ಇವೆಯೋ ಅದರಿಂದಲೂ ಗುಣಿಸಿ. ತೆರಿಗೆ, ಶುಲ್ಕಗಳನ್ನು ಬಿಟ್ಟರೆ ಲೆಡ್ಜರ್‌ನಲ್ಲಿ ಅದೇ ಮೊತ್ತ ಇರಬೇಕು. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಬ್ರೋಕರ್ ಕಚೇರಿಗೆ ಫೋನ್ ಮಾಡಿ ಕೇಳಿ.